ಈ ಹಾಡು ಯಾವ ಗುರುವಿಗೆ?

ಸೆಪ್ಟೆಂಬರ್ 5 ಹತ್ತಿರವಾದಂತೆ ಶಾಲೆಗಳಲ್ಲಿ ಹಾಡಿನ ಹುಡುಕಾಟ ಶುರುವಾಗುತ್ತದೆ. ಹುಡುಕಾಟ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಡೆ ಬಂದು ನಿಲ್ಲುತ್ತದೆ: ಗುರುವನ್ನು ತ್ರಿಮೂರ್ತಿಗಳಿಗೆ ಸಮನೆನ್ನುವ ಶ್ಲೋಕ, ದಾಸರದೋ ತತ್ವಪದಕಾರರದೋ ಒಂದು ಗುರುಸ್ತುತಿ, ಇಲ್ಲವೇ ಮೊಬೈಲಿನಲ್ಲಿ ಸಿಕ್ಕಿದ ಚಿತ್ರಗೀತೆಯ ಟ್ರ್ಯಾಕ್. ಮೂರೂ ಕೇಳಲು ಚೆನ್ನಾಗಿರಬಹುದು. ಆದರೆ ಮುಂದಿನ ಸಾಲಿನಲ್ಲಿ ಕುಳಿತ ಗಣಿತದ ಮೇಷ್ಟ್ರಾಗಲಿ ನಲಿಕಲಿ ತರಗತಿಯ ಟೀಚರಾಗಲಿ ಆ ಹಾಡಿನಲ್ಲಿ ತಮ್ಮನ್ನು ಹುಡುಕಿಕೊಂಡರೆ ಸಿಗುವುದಿಲ್ಲ. ಅದೇ ಹಾಡನ್ನು ಪಕ್ಕದೂರಿನ ಶಾಲೆಯಲ್ಲಿ ಹಾಡಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಕೃತಜ್ಞತೆಯ ಹಾಡು ಹಾಗಿರಬಾರದು ಎಂಬುದು ನನ್ನ ವಾದ. ಅದು ಆ ಶಾಲೆಯಲ್ಲಿ ನಡೆದ ಸಂಗತಿಯನ್ನು ಹೇಳಬೇಕು. ಹೇಳುವ ಮಾತು ಮಕ್ಕಳದಾಗಿರಬೇಕು. ಹಾಡುವ ಶ್ರುತಿ ಮಕ್ಕಳ ಗಂಟಲಿಗೆ ಒಗ್ಗಬೇಕು. ಈ ಮೂರೂ ಕೂಡಿದರೆ ಹಾಡು ಸಣ್ಣದಾದರೂ ಅದು ನಿಜವಾದ ವಂದನೆ.

ಈ ದಿನದ ಹಿನ್ನೆಲೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಸರ್ವಪಲ್ಲಿ ರಾಧಾಕೃಷ್ಣನ್ 1962ರಲ್ಲಿ ರಾಷ್ಟ್ರಪತಿಯಾದರು. ಅವರ ಹುಟ್ಟುಹಬ್ಬವನ್ನು ಶಿಕ್ಷಕರ ದಿನವಾಗಿ ಆಚರಿಸುವ ಪದ್ಧತಿ ಆ ವರ್ಷವೇ ಆರಂಭವಾಯಿತು. ಅದಕ್ಕೆ ನಾಲ್ಕು ದಶಕ ಮೊದಲು, 1918ರಿಂದ 1921ರವರೆಗೆ, ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರೆಂಬುದು ಮೈಸೂರಿಗರಿಗೆಲ್ಲ ಗೊತ್ತಿರುವ ಪ್ರಸಂಗ. ಇಂದಿಗೂ ಅದನ್ನು ನೆನೆಯುವುದೇಕೆ? ಅಲ್ಲಿ ಗುರುವಿನ ಮಹಿಮೆಯ ಬಗ್ಗೆ ಸಾಮಾನ್ಯ ಮಾತು ಇರಲಿಲ್ಲ. ಇಂಥ ಮೇಷ್ಟ್ರು, ಇಂಥ ಹುಡುಗರು, ಇಂಥ ಹಾದಿ ಎಂದು ಎಲ್ಲವೂ ಖಚಿತವಾಗಿತ್ತು. ತಮಗೆ ಕಲಿಸಿದವರಿಗೆ ತಮ್ಮ ತೋಳಿನಿಂದ ಏನು ಕೊಡಬಹುದಿತ್ತೋ ಅದನ್ನು ಆ ಹುಡುಗರು ಕೊಟ್ಟರು. ಅವರ ಕೈ ಮಾಡಿದ್ದನ್ನು ಶಾಲೆಯ ಮಕ್ಕಳ ದನಿ ಮಾಡಬೇಕು ಎನ್ನುವುದಷ್ಟೇ ಇಲ್ಲಿನ ಕೇಳಿಕೆ.

ಪರಂಪರೆ ಹೇಳುವುದೇನು?

ಗುರುಸ್ತುತಿಯ ನಮ್ಮ ಪರಂಪರೆಯನ್ನು ಸರಿಯಾಗಿ ನೋಡಿದರೆ ಅದೂ ಈ ವಾದದ ಪರವಾಗಿಯೇ ನಿಲ್ಲುತ್ತದೆ. ಶಾಲೆಗಳಲ್ಲಿ ಹೇಳಿಸುವ ಶ್ಲೋಕ ಸ್ಕಾಂದಪುರಾಣದ್ದೆನ್ನುವ ಗುರುಗೀತೆಯದು. ಅಲ್ಲಿನ ಗುರು ಸಂಸಾರದ ಕಟ್ಟಿನಿಂದ ಬಿಡಿಸುವವನು. ಪುರಂದರದಾಸರ ಗುರುಕೀರ್ತನೆಯೂ ಹೇಳುವುದು ಸಂಪೂರ್ಣ ಶರಣಾಗತಿಯ, ಮುಕ್ತಿಯ ಮಾತನ್ನು. ಆ ರಚನೆಗಳು ತಮ್ಮ ಜಾಗದಲ್ಲಿ ಪೂರ್ಣವಾಗಿವೆ. ಆದರೆ ಭಿನ್ನರಾಶಿ ಕಲಿಸಿದ, ಕಾಪಿ ಪುಸ್ತಕ ತಿದ್ದಿದ ಟೀಚರಿಗೆ ಅವನ್ನು ಅರ್ಪಿಸುವಾಗ ವಿಳಾಸ ತಪ್ಪುತ್ತದೆ. ಇನ್ನು ಶಿಶುನಾಳ ಶರೀಫರನ್ನು ನೋಡಿ. ಸ್ವತಃ ಕೆಲಕಾಲ ಶಾಲಾ ಶಿಕ್ಷಕರಾಗಿದ್ದ ಶರೀಫರು ಗುರುವನ್ನು ನೆನೆದಾಗಲೆಲ್ಲ ಕಳಸದ ಗೋವಿಂದಭಟ್ಟರ ಹೆಸರನ್ನೇ ಹಿಡಿದು ನೆನೆದರು. ಜಾತಿ ಮತಗಳ ಗೆರೆ ದಾಟಿ ತಮ್ಮನ್ನು ಶಿಷ್ಯನಾಗಿ ಒಪ್ಪಿಕೊಂಡ ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಸಂದ ಋಣ ಅದು. ಅವರ ಪದಗಳಲ್ಲಿ ತತ್ವ ಎಷ್ಟೇ ಆಳವಾಗಿದ್ದರೂ ಅದು ಸೋರುವ ಮನೆ, ಕೋಳಿ, ಮಗ್ಗದಂಥ ಕಣ್ಣೆದುರಿನ ವಸ್ತುಗಳ ಮೂಲಕವೇ ಬರುತ್ತದೆ. ಆ ಪರಂಪರೆಯನ್ನು ಮುಂದುವರಿಸಬೇಕೆಂದರೆ ಅವರ ಪದವನ್ನು ಎರವಲು ತಂದರೆ ಸಾಲದು; ಕಂಡ ಮನುಷ್ಯನನ್ನು ಕಂಡ ವಸ್ತುಗಳಿಂದಲೇ ಹಾಡುವ ಅವರ ರೀತಿಯನ್ನು ಕಲಿಯಬೇಕು.

ಜನಪದ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತೆರೆದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣು ತಾನು ಯಾರ್ಯಾರಿಗೆ ಋಣಿಯೆಂದು ಹೇಳಿಕೊಳ್ಳುವುದು ಕೇಳಿಸುತ್ತದೆ. ಬೀಸುವ ಕಲ್ಲು, ತಾಯಿ, ತವರು, ಕರೆಯಲು ಬರುವ ಅಣ್ಣ — ಎಲ್ಲರೂ ಅಲ್ಲಿ ತಾವು ಮಾಡಿದ ಕೆಲಸದಿಂದ, ತಂದ ವಸ್ತುವಿನಿಂದ ಕಾಣಿಸಿಕೊಳ್ಳುತ್ತಾರೆ. ತವರಿನವರು ಒಳ್ಳೆಯವರು ಎಂದು ಸುಮ್ಮನೆ ಹೇಳಿ ಮುಗಿಸುವ ಹಾಡು ಅಲ್ಲಿಲ್ಲ. ಹಾಡುವ ಕ್ರಮವೂ ಗಮನಿಸುವಂಥದು. ತ್ರಿಪದಿಯ ಎರಡನೆಯ ಸಾಲಿನ ಭಾಗವನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಒಬ್ಬಳು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ. ಸೋಬಾನೆಯಲ್ಲೂ ಹಾಗೆಯೇ: ಧಾಟಿ ಹಳೆಯದು, ಮದುಮಗಳ ಹೆಸರು, ಬೀಗರ ಊರು ಹೊಸದು. ಧಾಟಿ ಸ್ಥಿರವಾಗಿದ್ದು ಸಂಗತಿ ಬದಲಾಗುವ ಈ ಏರ್ಪಾಡು ಶಾಲೆಯ ಹಾಡಿಗೆ ಹೇಳಿ ಮಾಡಿಸಿದಂತಿದೆ. ಮಕ್ಕಳಿಂದ ಹೊಸ ಹಾಡು ಕಟ್ಟಿಸುವುದು ಈಗಿನ ಶಿಕ್ಷಣತಜ್ಞರ ಹೊಸ ಶೋಧವೇನಲ್ಲ. ಓದುಬರಹ ತಿಳಿಯದ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಅದು.

ಚೀಟಿಯಿಂದ ಚರಣಕ್ಕೆ

ಕೆಲಸ ಹೇಗೆ ಸಾಗಬಹುದೆಂದು ತಿಳಿಯಲು ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿ, ಮೂವತ್ತು ಮಕ್ಕಳು ಎಂದಿಟ್ಟುಕೊಳ್ಳಿ. ಆಗಸ್ಟ್ ಕೊನೆಯ ವಾರದಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ. ನಿಮ್ಮ ಟೀಚರ್ ಹೇಗಿದ್ದಾರೆ ಎಂದು ಕೇಳಿದರೆ ಬರುವ ಉತ್ತರ ಮೊದಲೇ ಗೊತ್ತು: ಚೆನ್ನಾಗಿ ಪಾಠ ಮಾಡುತ್ತಾರೆ, ದೇವರ ಸಮಾನ, ಜ್ಞಾನದ ಬೆಳಕು ಕೊಟ್ಟರು. ಇವು ಪ್ರಬಂಧದ ಪುಸ್ತಕದಿಂದ ಬಂದ ಮಾತುಗಳು. ಅದರ ಬದಲು, ಯಾವ ದಿನ, ಯಾರು, ಏನು ಮಾಡಿದರು, ನೀನು ಏನು ನೋಡಿದೆ ಎಂದು ಕೇಳಬೇಕು. ಆಗ ಬರುವ ಚೀಟಿಗಳೇ ಬೇರೆ. ಮಗ್ಗಿ ತಪ್ಪಿದಾಗ ಮೇಷ್ಟ್ರು ಬೈಯದೆ ಮತ್ತೆ ಹೇಳಿಸಿದ್ದು, ಕರ್ನಾಟಕದ ನಕ್ಷೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಬರೆದು ನದಿಗಳ ಮೇಲೆ ನಡೆಸಿದ್ದು, ಶೀಟಿನ ಮೇಲೆ ಮಳೆ ಬಿದ್ದು ಏನೂ ಕೇಳಿಸದಾಗ ಟೀಚರ್ ಇಡೀ ಪಾಠವನ್ನು ಬೋರ್ಡಿನ ಮೇಲೆ ಚಿತ್ರದಲ್ಲಿ ಹೇಳಿದ್ದು, ಪಿ.ಟಿ. ಸರ್ ಕೊನೆಯ ಮಗು ರಸ್ತೆ ದಾಟುವವರೆಗೆ ಗೇಟಿನ ಹತ್ತಿರ ನಿಲ್ಲುವುದು. ಚೀಟಿ ಪಾಸಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು: ಅದರಲ್ಲಿ ಹೇಳಿದ್ದನ್ನು ಒಬ್ಬ ಹುಡುಗ ಅಭಿನಯಿಸಿ ತೋರಿಸಬಹುದೇ? ತೋರಿಸಬಹುದಾದರೆ ಅದು ಸಂಗತಿ. ಆಗದಿದ್ದರೆ ಅದಿನ್ನೂ ಹೊಗಳಿಕೆ.

ಇವುಗಳಲ್ಲಿ ಮೂರೋ ನಾಲ್ಕೋ ಆರಿಸಿಕೊಂಡರೆ ಹಾಡಿಗೆ ಅಷ್ಟು ಚರಣ ಸಿಕ್ಕಿತು. ಮುಂದಿನ ತೊಡಕು ಲಯದ್ದು. ಮಕ್ಕಳು ಮೊದಲು ಬರೆಯುವುದು ಗದ್ಯವನ್ನೇ: ಹದಿಮೂರರ ಮಗ್ಗಿಯನ್ನು ನೀವು ನಮಗೆ ಬಹಳ ತಾಳ್ಮೆಯಿಂದ ಕಲಿಸಿಕೊಟ್ಟಿರಿ. ಇದನ್ನು ಟ್ಯೂನಿಗೆ ಕೂರಿಸಲು ಹೋದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಮಾತು ಕೇಳಿಸದಂತಾಗುತ್ತದೆ. ಛಂದಸ್ಸಿನ ಪಾಠ ಇಲ್ಲಿ ಕೈ ಹಿಡಿಯುತ್ತದೆ. ನಾಲ್ಕು ಮಾತ್ರೆಯ ಗಣ, ಸಾಲಿಗೆ ನಾಲ್ಕು ಗಣ, ಪ್ರತಿ ಗಣದ ಮೊದಲಿಗೆ ಒಂದು ಚಪ್ಪಾಳೆ — ಇಷ್ಟನ್ನು ಇಟ್ಟುಕೊಂಡರೆ ಸಾಕು. ಈ ಲೇಖನಕ್ಕೆಂದೇ ಕಟ್ಟಿದ ಒಂದು ಚರಣ ಹೀಗಿದೆ:

ಹದಿಮೂರರ ಮಗ್ಗಿಯು ತಪ್ಪಿದ ದಿನ
ಬೈಯದೆ ಮತ್ತೊಮ್ಮೆ ಹೇಳಿಸಿದಿರಿ
ನಾಲಿಗೆ ತೊಡರಿದ ಜಾಗದ ಹತ್ತಿರ
ನಮ್ಮೊಡನೆಯೆ ನೀವೂ ನಿಂತಿರಿ

ಮೊದಲ ಸಾಲನ್ನು ‘ಹದಿಮೂ–ರರಮಗ್–ಗಿಯುತಪ್–ಪಿದದಿನ’ ಎಂದು ಚಪ್ಪಾಳೆ ಹಾಕಿ ಒಡೆದರೆ ನಾಲ್ಕು ನಾಲ್ಕು ಮಾತ್ರೆ ತುಂಬುತ್ತದೆ. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಮಾತ್ರೆ, ನಾಲ್ಕನೆಯದರಲ್ಲಿ ಎರಡು ಮಾತ್ರೆ ಕಡಿಮೆ. ಅದು ಕೊರತೆಯಲ್ಲ, ಮಕ್ಕಳು ಉಸಿರು ತೆಗೆದುಕೊಳ್ಳುವ ಜಾಗ. ಎಲ್ಲ ಸಾಲೂ ಒತ್ತಾಗಿ ತುಂಬಿದ್ದರೆ ಮೂರನೆಯ ಸಾಲಿನ ಹೊತ್ತಿಗೆ ಗುಂಪಿನ ಅರ್ಧ ದನಿ ಬಿದ್ದುಹೋಗುತ್ತದೆ. ಗದ್ಯದಲ್ಲಿದ್ದ ‘ತಾಳ್ಮೆ’ ಎಂಬ ಮಾತು ಚರಣದಲ್ಲಿ ಇಲ್ಲವೆಂಬುದನ್ನೂ ಗಮನಿಸಬೇಕು. ಮೇಷ್ಟ್ರು ಏನು ಮಾಡಿದರೆಂದು ಹೇಳಿದ ಮೇಲೆ ಅವರ ಗುಣಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ. ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ. ಪಲ್ಲವಿಯನ್ನು ಮಾತ್ರ ಎಲ್ಲರಿಗೂ ಸಲ್ಲುವಂತೆ ಸರಳವಾಗಿ ಇಡಬಹುದು: ‘ನೆನಪಿದೆ ನಮಗದು, ನೆನಪಿದೆ ಇಂದಿಗು’. ಚರಣವನ್ನು ಏಳೆಂಟು ಮಕ್ಕಳ ಗುಂಪು ಎತ್ತಿಕೊಡಲಿ, ಪಲ್ಲವಿಗೆ ಇಡೀ ಶಾಲೆ ದನಿಗೂಡಿಸಲಿ. ಆಗ ಒಂದನೇ ತರಗತಿಯ ಮಗುವಿಗೂ ಹಾಡಿನಲ್ಲಿ ಪಾಲು ಇರುತ್ತದೆ; ಅದು ಕಲಿಯಬೇಕಾದದ್ದು ಒಂದೇ ಸಾಲು.

ಮಕ್ಕಳ ಶ್ರುತಿ ಯಾವುದು?

ಮಾತು ಸರಿಯಾದ ಮೇಲೂ ಹೆಚ್ಚಿನ ಶಾಲಾ ಹಾಡುಗಳು ಸೋಲುವುದು ಶ್ರುತಿಯಲ್ಲಿ. ಪ್ರಾಥಮಿಕ ಶಾಲೆಯ ಮಕ್ಕಳ ಗುಂಪು ಎಳೆದಾಡದೆ ಹಾಡಬಲ್ಲ ವ್ಯಾಪ್ತಿ ಸುಮಾರು ಒಂದು ಸ್ಥಾಯಿ. ಹಾರ್ಮೋನಿಯಂನ ನಡುವಿನ ಸ್ಥಾಯಿಯ ಒಂದನೇ ಮನೆಯಿಂದ ಮೇಲಿನ ಒಂದನೇ ಮನೆಯವರೆಗೆ, ಹೆಚ್ಚೆಂದರೆ ಅದರ ಆಚೀಚೆ ಒಂದೆರಡು ಸ್ವರ. ಹಾಡಿನ ನಡೆ ಷಡ್ಜದಿಂದ ತಾರಷಡ್ಜದವರೆಗೆ ಇದ್ದರೆ ಶ್ರುತಿಯನ್ನು ಒಂದು ಮನೆ ಅಥವಾ ಎರಡು ಮನೆಗೆ ಇಟ್ಟುಕೊಳ್ಳಬೇಕು. ಧಾಟಿ ಕೆಳಗಿನ ಪಂಚಮದಿಂದ ಹೊರಟು ಮಧ್ಯಸ್ಥಾಯಿಯ ಪಂಚಮದ ಸುತ್ತ ಮುಗಿಯುವಂಥದ್ದಾದರೆ ನಾಲ್ಕು ಮನೆ ಹೊಂದುತ್ತದೆ. ಆಗ ಕೆಳಗಿನ ಪಂಚಮವೂ ಒಂದನೇ ಮನೆಯಲ್ಲೇ ಬೀಳುತ್ತದೆ. ಅಂದರೆ ಶ್ರುತಿಯನ್ನು ತೀರ್ಮಾನಿಸಬೇಕಾದದ್ದು ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರ ಹಿಡಿದು. ಕಲಿಸುವವರ ಗಂಟಲಿಗೆ ಯಾವುದು ಸುಖವೋ ಅದನ್ನು ಹಿಡಿದಲ್ಲ. ರಾಗ ಆರಿಸುವಾಗ ಮೋಹನದಂಥದು ಅನುಕೂಲ. ಉತ್ತರ ಕರ್ನಾಟಕದವರು ಭೂಪ್ ಎನ್ನುವ ಆ ನಡೆಯಲ್ಲಿ ಐದೇ ಸ್ವರ. ಮಧ್ಯಮ, ನಿಷಾದ ಇಲ್ಲದ್ದರಿಂದ ಪಕ್ಕಪಕ್ಕದ ಅರ್ಧಸ್ವರಗಳ ನಡುವೆ ಮಕ್ಕಳು ಜಾರುವ ಭಯವೂ ಇಲ್ಲ.

ಚಿತ್ರಗೀತೆಯ ಟ್ರ್ಯಾಕಿಗೆ ಹಾಡಿಸುವುದರಲ್ಲಿ ತಪ್ಪುವುದು ಇಲ್ಲಿಯೇ. ಆ ಟ್ರ್ಯಾಕ್ ತಯಾರಾದದ್ದು ಪಳಗಿದ, ದೊಡ್ಡವರ ಕಂಠಕ್ಕಾಗಿ. ಗಂಡುದನಿಗೆ ಹೊಂದಿಸಿದ ಹಾಡಾದರೆ ಕೆಳಗಿನ ಸ್ವರಗಳು ಮಕ್ಕಳಿಗೆ ಎಟಕುವುದಿಲ್ಲ. ಒಂದು ಸ್ಥಾಯಿ ಮೇಲೆ ಹಾಡಿದರೆ ಚರಣ ಏರಿದಾಗ ಕಿರುಚಬೇಕಾಗುತ್ತದೆ. ಶ್ರುತಿ ತಪ್ಪಿದೆಯೇ ಎಂದು ತಿಳಿಯಲು ಸಂಗೀತ ಗೊತ್ತಿರಬೇಕಾಗಿಲ್ಲ, ಕಣ್ಣು ಸಾಕು. ಗದ್ದ ಮೇಲೆದ್ದು ಕುತ್ತಿಗೆಯ ನರ ಬಿಗಿದರೆ ಶ್ರುತಿ ಎತ್ತರವಾಯಿತು. ಸಾಲಿನ ಕೊನೆ ಗೊಣಗಾಟವಾಗಿ, ಮಾತಿನಂತೆ ಕೇಳಿಸಿದರೆ ಕೆಳಗಾಯಿತು. ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುವ ಕಾಲವಾದ್ದರಿಂದ ಪ್ರೌಢಶಾಲೆಯಲ್ಲಿ ಅವರನ್ನು ಚರಣಕ್ಕೆ ಒತ್ತಾಯಿಸಬಾರದು. ಪಲ್ಲವಿಯನ್ನು ಕೆಳಸ್ಥಾಯಿಯಲ್ಲಿ ಹಾಡಲಿ, ಇಲ್ಲವೇ ತಾಳ, ಖಂಜಿರ ಹಿಡಿಯಲಿ. ಒಂದು ಶ್ರುತಿಪೆಟ್ಟಿಗೆ, ಚಪ್ಪಾಳೆ ಇದ್ದರೆ ಪಕ್ಕವಾದ್ಯದ ಕೊರತೆ ಕಾಣದು. ಮೈಕನ್ನು ಒಬ್ಬ ಹುಡುಗಿಯ ಬಾಯಿಗೆ ಹಿಡಿದರೆ ಇಪ್ಪತ್ತೊಂಬತ್ತು ದನಿ ಕಾಣೆಯಾಗುತ್ತದೆ. ಅರ್ಧವೃತ್ತದಲ್ಲಿ ನಿಲ್ಲಿಸಿ ನಾಲ್ಕು ಅಡಿ ದೂರದಲ್ಲಿ ಇಟ್ಟರೆ ಗುಂಪು ಗುಂಪಾಗಿಯೇ ಕೇಳಿಸುತ್ತದೆ.

ಆಕ್ಷೇಪಗಳಿಗೆ ಉತ್ತರ

ಇದಕ್ಕೆ ಬರುವ ಮೊದಲ ಆಕ್ಷೇಪ, ಹಳೆಯ ಗುರುಸ್ತುತಿಗಳನ್ನು ಬಿಟ್ಟರೆ ಮಕ್ಕಳಿಗೆ ಅವು ತಲುಪುವುದಾದರೂ ಹೇಗೆ ಎಂಬುದು. ಅವುಗಳನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಕಾರ್ಯಕ್ರಮದ ಆರಂಭದ ಪ್ರಾರ್ಥನೆಯಲ್ಲಿ ಅವುಗಳಿಗೆ ಸಹಜವಾದ ಸ್ಥಾನವಿದೆ. ಅಲ್ಲಿ ಹಾಡಿ, ಅರ್ಥವನ್ನೂ ಹೇಳಿಸಿ, ಆ ಗುರು ಯಾವ ಗುರು ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ಪರಂಪರೆಗೆ ಹೆಚ್ಚು ನ್ಯಾಯ ಸಲ್ಲುತ್ತದೆ. ಪ್ರಾರ್ಥನೆ ಒಂದು, ವಂದನೆ ಇನ್ನೊಂದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಿದಾಗ ಎರಡೂ ತೆಳುವಾಗುತ್ತವೆ. ಶಿಕ್ಷಕರನ್ನು ದೇವರ ಮಟ್ಟಕ್ಕೆ ಏರಿಸುವ ಮಾತಿನಲ್ಲಿ ಇನ್ನೊಂದು ಅಡಚಣೆಯೂ ಇದೆ. ದೇವರಿಗೆ ದಣಿವಿಲ್ಲ. ನಲವತ್ತು ಕಾಪಿ ತಿದ್ದಿ, ಬಿಸಿಯೂಟದ ಲೆಕ್ಕ ಬರೆದು, ಮತ್ತೆ ತರಗತಿಗೆ ಬಂದವರಿಗೆ ದಣಿವಿದೆ. ದಣಿವಿದ್ದೂ ಮಾಡಿದರೆಂಬುದಕ್ಕೇ ಅವರಿಗೆ ಕೃತಜ್ಞತೆ ಸಲ್ಲಬೇಕಾದದ್ದು.

ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಸಂಗತಿ ಹಿಡಿದು ಹಾಡಿದರೆ ಕೆಲವರು ಹಾಡಿಗೆ ಬರುತ್ತಾರೆ, ಕೆಲವರು ಹೊರಗೆ ಉಳಿಯುತ್ತಾರೆ; ಸನ್ಮಾನದ ದಿನವೇ ಅಸಮಾಧಾನ ಆಗುತ್ತದೆ. ಈ ಅಪಾಯ ನಿಜವಾದದ್ದು. ಪರಿಹಾರ ಹಾಡಿನ ರಚನೆಯಲ್ಲೇ ಇದೆ. ಚರಣದಲ್ಲಿ ಹೆಸರು ಬೇಡ, ಕೆಲಸ ಇರಲಿ. ಮಗ್ಗಿಯ ಚರಣ ಯಾರದೆಂದು ಸಂಬಂಧಪಟ್ಟವರಿಗೆ ಗೊತ್ತಾಗುತ್ತದೆ, ಆದರೆ ಮಗ್ಗಿ ಹೇಳಿಕೊಟ್ಟ ಇತರರೂ ಅದರಲ್ಲಿ ತಮ್ಮ ಪಾಲು ಕಾಣಬಹುದು. ಆಯ್ಕೆ ಮಾಡುವಾಗ ಚರಣಗಳು ಬೇರೆ ಬೇರೆ ಜಾಗದವಾಗಿರಲಿ: ಒಂದು ತರಗತಿಯದು, ಒಂದು ಮೈದಾನದ್ದು, ಒಂದು ಶಾಲೆ ಬಿಟ್ಟ ಮೇಲಿನದು. ಹಾಡಿಗೆ ಬಾರದ ಚೀಟಿಗಳನ್ನೂ ಎಸೆಯದೆ, ಆಯಾ ಶಿಕ್ಷಕರ ಕೈಗೆ ಕೊಡಬೇಕು. ಇದರ ಜೊತೆಗೆ ಒಂದು ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಟೀಚರ್ ಒಂದು ಮಗುವಿಗೆ ಚಪ್ಪಲಿ ಕೊಡಿಸಿದ್ದು, ಶುಲ್ಕ ಕಟ್ಟಿದ್ದು, ಮನೆಯ ಜಗಳದಲ್ಲಿ ನಡುವೆ ನಿಂತದ್ದು ಎಷ್ಟೇ ದೊಡ್ಡದಾದರೂ ಹಾಡಿಗೆ ಬರಬಾರದು. ಊರ ಮುಂದೆ ಮಗುವಿನ ಬಡತನವನ್ನು ಬಿಚ್ಚಿಡುವ ಹಾಡು ಆ ಟೀಚರಿಗೂ ಸಂತೋಷ ಕೊಡುವುದಿಲ್ಲ.

ಮೂರನೆಯ ಆಕ್ಷೇಪ, ಮಕ್ಕಳು ಕಟ್ಟಿದ್ದು ಒರಟಾಗಿರುತ್ತದೆ, ಕವಿಗಳು ಬರೆದದ್ದೇ ಮೇಲು ಎಂಬುದು. ಕಾವ್ಯವಾಗಿ ನೋಡಿದರೆ ಅದು ಸರಿ. ಆದರೆ ಇಲ್ಲಿ ಕೇಳುವವರಿಗೆ ಬೇಕಾದದ್ದು ಹಾಡಿದವರ ಮಾತು. ಒರಟುತನ ತೊಂದರೆ ಕೊಡುವುದು ಲಯದಲ್ಲಿ ಮಾತ್ರ, ಅದನ್ನು ಚಪ್ಪಾಳೆಯಿಂದ ತಿದ್ದಬಹುದು. ಈ ಆಕ್ಷೇಪದ ಹಿಂದೆ ಇನ್ನೊಂದು ನಿಜವಾದ ಮುಜುಗರ ಅಡಗಿದೆ. ಎಷ್ಟೋ ಕಡೆ ಶಿಕ್ಷಕರೇ ಹಾಡು ಆರಿಸಿ, ಕಲಿಸಿ, ಅಭ್ಯಾಸ ಮಾಡಿಸಿ, ಕೊನೆಗೆ ಆ ಹೊಗಳಿಕೆಯನ್ನು ತಾವೇ ಕುಳಿತು ಕೇಳಬೇಕಾಗುತ್ತದೆ. ಅದನ್ನು ತಪ್ಪಿಸಲು ಕೆಲಸವನ್ನು ಹಂಚಿಕೊಳ್ಳಬೇಕು. ಚೀಟಿ ಸಂಗ್ರಹ, ಆಯ್ಕೆ, ಮಾತು ಮಕ್ಕಳದು. ಶಾಲಾ ಸಂಸತ್ತಿನವರೋ ಹಳೆಯ ವಿದ್ಯಾರ್ಥಿಗಳೋ ಜೊತೆಗಿರಲಿ. ಮಾತ್ರೆ ಎಣಿಸುವುದು, ಶ್ರುತಿ ಹಿಡಿದುಕೊಡುವುದು ಬಲ್ಲ ಶಿಕ್ಷಕರೊಬ್ಬರದು. ಅವರು ಪದ ತಿದ್ದಬಾರದು, ಅವರ ಬಗ್ಗೆ ಬಂದ ಚರಣವನ್ನು ಅವರಿಗೆ ಮೊದಲೇ ತೋರಿಸಲೂಬಾರದು. ಸಮಯ ಹಾಳು ಎನ್ನುವವರಿಗೂ ಉತ್ತರ ಇದರಲ್ಲೇ ಇದೆ: ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವಾರ ಸಾಕು, ಆ ವಾರದಲ್ಲಿ ನಡೆಯುವುದೂ ಕನ್ನಡದ ಛಂದಸ್ಸಿನ ಪಾಠವೇ. ಪುಸ್ತಕದಲ್ಲಿ ಪ್ರಸ್ತಾರ ಹಾಕಿ ಮರೆಯುವ ಮಾತ್ರಾಗಣ ಇಲ್ಲಿ ಕೈಗೂ ಬಾಯಿಗೂ ಇಳಿಯುತ್ತದೆ.

ಕೊನೆಯದಾಗಿ, ಈ ಬಗೆಯ ಹಾಡಿನಿಂದ ಶಿಕ್ಷಕರಿಗೆ ಸಿಗುವುದೇನು ಎಂಬುದನ್ನು ಹೇಳದೆ ವಾದ ಪೂರ್ತಿಯಾಗದು. ಕಲಿಸುವ ವೃತ್ತಿಯಲ್ಲಿ ಫಲ ಕಾಣುವುದು ತಡವಾಗಿ, ಅದೂ ಅರೆಬರೆಯಾಗಿ. ಅಂಕಪಟ್ಟಿ ಏನನ್ನು ಕಲಿತರು ಎಂದು ಹೇಳುತ್ತದೆ. ಯಾವ ಗಳಿಗೆಯಲ್ಲಿ, ಯಾವ ಮಾತಿನಿಂದ, ಯಾವ ಮೌನದಿಂದ ಕಲಿತರು ಎಂಬುದನ್ನು ಹೇಳುವುದಿಲ್ಲ. ತಾನು ದೊಡ್ಡದೆಂದುಕೊಂಡ ಪಾಠ ಮರೆತುಹೋಗಿ, ಲಕ್ಷ್ಯವಿಲ್ಲದೆ ಮಾಡಿದ ಸಣ್ಣ ಕೆಲಸ ಮಕ್ಕಳಲ್ಲಿ ಉಳಿದಿರಬಹುದು. ಅದನ್ನು ತಿಳಿಯಲು ಶಿಕ್ಷಕರಿಗೆ ಬೇರೆ ದಾರಿಯಿಲ್ಲ. ಮಹಿಮೆಯನ್ನು ಹಾಡುವ ಹಾಡು ಅವರಿಗೆ ಗೊತ್ತಿಲ್ಲದ ಯಾವುದನ್ನೂ ತಿಳಿಸುವುದಿಲ್ಲ. ಸಂಗತಿಯನ್ನು ಹಾಡುವ ಹಾಡು ಅವರ ಕೆಲಸದಲ್ಲಿ ಯಾವುದು ಫಲಿಸಿತು ಎಂಬ ವರದಿಯನ್ನು, ಅದನ್ನು ಕೊಡಬಲ್ಲ ಏಕೈಕ ಸಾಕ್ಷಿಗಳ ಬಾಯಿಂದ ಕೊಡುತ್ತದೆ. ಆದ್ದರಿಂದ ಶಾಲೆಗಳು ಪಲ್ಲವಿಯನ್ನೂ ಧಾಟಿಯನ್ನೂ ಹಾಗೆಯೇ ಇಟ್ಟುಕೊಂಡು, ಪ್ರತಿ ಸೆಪ್ಟೆಂಬರ್‌ಗೆ ಹೊಸ ಚರಣ ಕಟ್ಟಿ, ಹಳೆಯ ಚರಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತು ವರ್ಷ ಕಳೆದರೆ ಆ ಶಾಲೆಯಲ್ಲಿ ಯಾರು ಹೇಗೆ ಕಲಿಸಿದರೆಂಬ ಚರಿತ್ರೆ, ಕಲಿತವರ ಮಾತಿನಲ್ಲೇ, ಅಲ್ಲಿರುತ್ತದೆ. ಹೊಸದಾಗಿ ಬಂದ ಮೇಷ್ಟ್ರು ಅದನ್ನು ಓದಿ, ಮಕ್ಕಳ ಮನಸ್ಸಿನಲ್ಲಿ ಯಾವ ಬಗೆಯ ಕೆಲಸ ಉಳಿಯುತ್ತದೆ ಎಂದು ಕಲಿಯಬಹುದು.